ಆಯಿ ಸಹಿ ಹಾಕಿದ್ದು ನಿಜ, ಆದರೆ ಯಾವುದಕ್ಕೆ?

ಪ್ರಶ್ನೆ: ನನ್ನ ತವರು ಶಿರಸಿ ತಾಲೂಕಿನ ಒಂದು ಹಳ್ಳಿ. ನಾನು ಇರುವುದು ಕಾರವಾರದಲ್ಲಿ. ಆಯಿಗೆ 81 ವರ್ಷ, ಅಪ್ಪಯ್ಯ ಇಲ್ಲ. ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟ, ಮನೆ ಎರಡೂ ಆಯಿಯ ಹೆಸರಿಗೇ ಖರೀದಿ ಆದದ್ದು. ಅಣ್ಣ, ಅತ್ತಿಗೆ ಆಯಿಯ ಜೊತೆ ಇದ್ದಾರೆ. ಹೋದ ವರ್ಷ ಜುಲೈನಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಗಸ್ಟ್ ಕೊನೆಗೆ ಅಣ್ಣ ಅವಳನ್ನು ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತನ್ನ ಹೆಸರಿಗೆ ದಾನಪತ್ರ ಮಾಡಿಸಿಕೊಂಡಿದ್ದಾನೆ. ಜನವರಿಯಲ್ಲಿ ಪಹಣಿ ತೆಗೆಸಿದಾಗಲೇ ನಮಗೆ ಗೊತ್ತಾಗಿದ್ದು. ಆಯಿ 'ಸೊಸೈಟಿ ಸಾಲದ ಕಾಗದ ಹೇಳಿ ಸಹಿ ಹಾಕ್ಸಿದ' ಎನ್ನುತ್ತಾಳೆ. ಅಣ್ಣ 'ರಿಜಿಸ್ಟರ್ ಆದ ಮೇಲೆ ಮುಗಿಯಿತು' ಎನ್ನುತ್ತಾನೆ. ಅವನು ಆಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ, ಅದನ್ನು ಇಲ್ಲ ಎನ್ನುವುದಿಲ್ಲ. ನಾವು ಇಬ್ಬರು ಹೆಣ್ಣುಮಕ್ಕಳು ಏನಾದರೂ ಮಾಡಬಹುದಾ?

ಉತ್ತರ:

ನಿಮ್ಮ ಅಣ್ಣನ ಮಾತಿನಲ್ಲಿ ಅರ್ಧ ನಿಜ ಇದೆ. ದಾನಪತ್ರ ರಿಜಿಸ್ಟರ್ ಆಗಿ, ಪಡೆದವರು ಅದನ್ನು ಒಪ್ಪಿಕೊಂಡ ಮೇಲೆ, ಕೊಟ್ಟವರು ಸುಮ್ನೆ ಮನಸ್ಸು ಬದಲಾಯಿತು ಅಂತ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಆಯಿಯನ್ನು ಮತ್ತೆ ಅದೇ ಆಫೀಸಿಗೆ ಕರೆದುಕೊಂಡು ಹೋಗಿ ಒಂದು ರದ್ದುಪತ್ರ ಬರೆಸಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಯಿ ಒಬ್ಬರೇ ಬರೆದುಕೊಟ್ಟ ರದ್ದುಪತ್ರದಿಂದ ದಾನಪತ್ರ ರದ್ದಾಗುವುದಿಲ್ಲ. ಹಣವೂ ಹೋಗುತ್ತದೆ, ಕಾಲವೂ ಹೋಗುತ್ತದೆ.

ಇನ್ನರ್ಧ ನಿಜವನ್ನು ನಿಮ್ಮ ಅಣ್ಣ ಬಿಟ್ಟಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮು ದಾನಕ್ಕೂ ಒಂದು ಬಾಗಿಲು ತೆರೆದಿಟ್ಟಿದೆ. ಒಂದು ಕರಾರನ್ನು ಯಾವ ಕಾರಣಕ್ಕೆ ರದ್ದು ಮಾಡಿಸಬಹುದೋ, ಅದೇ ಕಾರಣಕ್ಕೆ ದಾನವನ್ನೂ ಕೋರ್ಟಿನಲ್ಲಿ ರದ್ದು ಮಾಡಿಸಬಹುದು. ಪ್ರತಿಯಾಗಿ ಏನೂ ಸಿಗಲಿಲ್ಲ ಎಂಬ ಕಾರಣ ಮಾತ್ರ ನಡೆಯುವುದಿಲ್ಲ, ದಾನ ಎಂದರೇ ಅದು ಅಲ್ವಾ. ಮೋಸ, ಬಲವಂತ, ಅನುಚಿತ ಪ್ರಭಾವ ಇವೆಲ್ಲ ಆ ಬಾಗಿಲಿನಿಂದ ಒಳಗೆ ಬರುತ್ತವೆ. ರಿಜಿಸ್ಟ್ರೇಷನ್ ಹೇಳುವುದು ಇಷ್ಟೇ: ಈ ದಿನ, ಈ ವ್ಯಕ್ತಿ ಬಂದು, ಇದು ನಾನು ಬರೆದುಕೊಟ್ಟ ಪತ್ರ ಎಂದು ಒಪ್ಪಿದ್ದಾರೆ. ಆ ದಿನಕ್ಕೆ ಮೊದಲು ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಆ ಸೀಲು ಹೇಳುವುದಿಲ್ಲ. ನಿಮ್ಮ ಪ್ರಕರಣ ನಿಂತಿರುವುದು ಆಪರೇಷನ್ ಆದ ದಿನದಿಂದ ಆಗಸ್ಟ್ ಕೊನೆಯವರೆಗಿನ ಆ ಐದಾರು ವಾರಗಳ ಮೇಲೆ.

ಅದಕ್ಕೆ ಹೋಗುವ ಮೊದಲು ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ನೇರ ಉತ್ತರ ಕೊಡುತ್ತೇನೆ. ಹೆಣ್ಣುಮಕ್ಕಳಾಗಿ ನಿಮಗೆ ಇಂದು ಈ ಆಸ್ತಿಯ ಮೇಲೆ ಹಕ್ಕಿಲ್ಲ. ಆಯಿಯ ಹೆಸರಿಗೆ ಖರೀದಿ ಆದ ತೋಟ ಆಯಿಯ ಸ್ವಂತ ಆಸ್ತಿ. ಅವರು ಬದುಕಿರುವಾಗ ಅದರಲ್ಲಿ ಮಕ್ಕಳ ಪಾಲು ಎಂಬುದೇ ಇಲ್ಲ, ಗಂಡಾಗಲಿ ಹೆಣ್ಣಾಗಲಿ. ಹಾಗಾಗಿ ದಾವೆ ಹಾಕಬೇಕಾದವರು ಆಯಿ. ನೀವು ಅವರ ಜೊತೆ ನಿಲ್ಲಬಹುದು, ಅವರ ಜಾಗದಲ್ಲಿ ನಿಲ್ಲಲು ಬರುವುದಿಲ್ಲ. (ಇದೇ ತೋಟ ಪಿತ್ರಾರ್ಜಿತ ಆಗಿದ್ದರೆ ಕತೆಯೇ ಬೇರೆ. ಒಟ್ಟು ಕುಟುಂಬದ ಜಮೀನನ್ನು ಯಜಮಾನ ಪ್ರೀತಿಯಿಂದ ಒಬ್ಬರಿಗೆ ದಾನ ಕೊಡಲು ಬರುವುದಿಲ್ಲ ಎಂದು 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಅಂಥ ಪ್ರಕರಣದಲ್ಲಿ ಪ್ರಭಾವ, ಒತ್ತಡ ಯಾವುದನ್ನೂ ಸಾಬೀತು ಮಾಡುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಹಳೆಯ ಖರೀದಿ ಪತ್ರವನ್ನು ಒಮ್ಮೆ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ.)

ಈಗ ಆಯಿಯ ಆ ಒಂದು ಮಾತಿಗೆ ಬರೋಣ. 'ಸಾಲದ ಕಾಗದ ಹೇಳಿ ಸಹಿ ಹಾಕ್ಸಿದ.' ನಿಮ್ಮ ಪತ್ರದಲ್ಲಿ ಬಹಳ ತೂಕದ ಸಾಲು ಇದು. ಆದರೆ ಇದು ಅನುಚಿತ ಪ್ರಭಾವದ ಮಾತು ಅಲ್ಲ, ಮೋಸದ ಮಾತು. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ದಾನ ಅಂತ ಗೊತ್ತಿತ್ತು, ಆದರೆ ಇಲ್ಲ ಎನ್ನುವ ಶಕ್ತಿ ಇರಲಿಲ್ಲ, ಹೆದರಿಕೆ ಇತ್ತು, ಅವನೇ ಎಲ್ಲ ನೋಡಿಕೊಳ್ಳುವವನು, ಎದುರಾಡಲು ಆಗಲಿಲ್ಲ ಎಂದರೆ ಅದು ಪ್ರಭಾವ. ಅದು ದಾನ ಅಂತಲೇ ಗೊತ್ತಿರಲಿಲ್ಲ ಎಂದರೆ ಮೋಸ. 1968ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನಿಂಗವ್ವ ಪ್ರಕರಣ ನಮ್ಮ ರಾಜ್ಯದ್ದೇ. ಹೆಂಡತಿಯಿಂದ ಬರೆಸಿಕೊಂಡ ದಾನಪತ್ರದಲ್ಲಿ ಗಂಡ ಆಕೆಗೆ ಗೊತ್ತಿಲ್ಲದೆ ಬೇರೆ ಜಮೀನನ್ನೂ ಸೇರಿಸಿದ್ದ. ಅಲ್ಲಿ ಕೋರ್ಟ್ ಒಂದು ಗೆರೆ ಎಳೆಯಿತು. ಕಾಗದ ಯಾವ ಜಾತಿಯದು ಎಂಬುದರಲ್ಲೇ ಮೋಸ ಆಗಿದ್ದರೆ ಆ ಕಾಗದ ಹುಟ್ಟುವಾಗಲೇ ಸತ್ತಂತೆ. ಕಾಗದ ದಾನಪತ್ರ ಅಂತ ಗೊತ್ತಿದ್ದು, ಒಳಗಿನ ವಿವರದಲ್ಲಿ ಮೋಸ ಆಗಿದ್ದರೆ ಅದು ರದ್ದು ಮಾಡಿಸುವ ತನಕ ಜೀವಂತ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತೇನೆ ಎಂದರೆ, ವಯಸ್ಸಾದವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮಗಳ ಎದುರು 'ಸಾಲದ ಕಾಗದ ಅಂದಿದ್ದ' ಎಂದವರು, ಕೋರ್ಟಿನಲ್ಲಿ ಪಾಟೀ ಸವಾಲು ಶುರುವಾದ ಹತ್ತು ನಿಮಿಷಕ್ಕೆ 'ಗೊತ್ತಿತ್ತು, ಆದರೆ ಏನು ಮಾಡಲಿ' ಎನ್ನುತ್ತಾರೆ. ಎರಡರಲ್ಲೂ ನೋವು ನಿಜ. ಆದರೆ ದಾವೆ ಬರೀ ಮೋಸದ ಮೇಲೆ ನಿಂತಿದ್ದರೆ ಆ ಒಂದು ಉತ್ತರಕ್ಕೆ ಬಿದ್ದುಹೋಗುತ್ತದೆ. ಹಾಗಾಗಿ ಆಯಿ ಏನು ಹೇಳುತ್ತಾರೆ ಎಂಬುದನ್ನು ಮೊದಲು ನಿಧಾನವಾಗಿ, ಪೂರ್ತಿಯಾಗಿ ಕೇಳಬೇಕು. ಎರಡೂ ಇದ್ದರೆ ಎರಡನ್ನೂ ಬೇರೆ ಬೇರೆ ಬರೆದು, ಒಂದು ನಿಲ್ಲದಿದ್ದರೆ ಇನ್ನೊಂದು ಎಂದು ಕೇಳಬೇಕು.

ಅನುಚಿತ ಪ್ರಭಾವವನ್ನು ಕೋರ್ಟ್ ಹೇಗೆ ಅಳೆಯುತ್ತದೆ? ಕರಾರು ಕಾಯ್ದೆಯ 16ನೇ ಕಲಮಿನಲ್ಲಿ ಮೂರು ಪ್ರಶ್ನೆಗಳಿವೆ. ಅವುಗಳ ಸರದಿಯೂ ಮುಖ್ಯ. 1920ರ ದಶಕದಲ್ಲೇ, ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಆ ಸರದಿ ತಪ್ಪಿಸಬೇಡಿ ಎಂದು ಹೇಳಿತ್ತು. ಅದು ಸಾಲದ ಪ್ರಕರಣ, ವರ್ಷಕ್ಕೆ ನೂರಕ್ಕೆ 24ರಂತೆ ಚಕ್ರಬಡ್ಡಿ. ನೋಡಿದರೆ ಎದೆ ಒಡೆಯುವಂಥ ಮೊತ್ತ. ಆದರೂ ಸಾಲ ಪಡೆದವನು ಸೋತ. ಸಾಲ ಕೊಟ್ಟವನಿಗೆ ಅವನ ಮನಸ್ಸಿನ ಮೇಲೆ ಹಿಡಿತ ಇತ್ತು ಎಂಬುದು ಮೊದಲು ಸಾಬೀತಾಗಲಿಲ್ಲ. ಅಂದರೆ ವ್ಯವಹಾರ ಎಷ್ಟೇ ಅನ್ಯಾಯವಾಗಿ ಕಾಣಲಿ, ಅನ್ಯಾಯ ಒಂದೇ ಸಾಲದು. ಮೊದಲು ಹಿಡಿತ, ಆಮೇಲೆ ಅನ್ಯಾಯ, ಆಮೇಲೆ ಸಾಬೀತು ಮಾಡುವ ಹೊಣೆ ಯಾರದು ಎಂಬುದು.

ಹಿಡಿತದಿಂದ ಶುರು ಮಾಡೋಣ. ವಯಸ್ಸು 81 ಎಂದ ಮಾತ್ರಕ್ಕೆ ಹಿಡಿತ ಇತ್ತು ಅಂತ ಆಗುವುದಿಲ್ಲ. ಮಗ ಜೊತೆಗಿದ್ದ ಎಂದ ಮಾತ್ರಕ್ಕೂ ಆಗುವುದಿಲ್ಲ. 1967ರಲ್ಲಿ ವರದಿಯಾದ ಸುಭಾಸ್ ಚಂದ್ರ ದಾಸ್ ಪ್ರಕರಣದಲ್ಲಿ ಮುದುಕರೊಬ್ಬರು ಮೊಮ್ಮಗನಿಗೆ ಆಸ್ತಿ ದಾನ ಕೊಟ್ಟಿದ್ದರು. ಮಗ ದಾವೆ ಹಾಕಿದ. ಸುಪ್ರೀಂ ಕೋರ್ಟ್ ದಾನವನ್ನು ಉಳಿಸಿತು. ಹತ್ತಿರದ ಸಂಬಂಧ ಬೇರೆ, ಮನಸ್ಸಿನ ಮೇಲಿನ ಹಿಡಿತ ಬೇರೆ ಎಂದಿತು. ನಿಮ್ಮ ಅಣ್ಣನ ವಕೀಲರು ಖಂಡಿತ ಇದನ್ನೇ ಮೊದಲು ಓದುತ್ತಾರೆ.

ಹಾಗಾದರೆ ಹಿಡಿತವನ್ನು ತೋರಿಸುವುದು ಯಾವುದು? ದಿನದಿನದ ಸಣ್ಣ ಸಂಗತಿಗಳು. 16ನೇ ಕಲಮೇ ಹೇಳುತ್ತದೆ: ವಯಸ್ಸು, ಕಾಯಿಲೆ, ದೇಹದ ಅಥವಾ ಮನಸ್ಸಿನ ಸಂಕಟದಿಂದ ಬುದ್ಧಿಶಕ್ತಿ ಕುಂದಿದವರ ಜೊತೆ ವ್ಯವಹಾರ ಮಾಡಿದರೆ, ಆ ಕುಂದು ತಾತ್ಕಾಲಿಕವಾಗಿದ್ದರೂ ಸರಿ, ಎದುರಿನವರಿಗೆ ಹಿಡಿತ ಇತ್ತು ಎಂದೇ ಲೆಕ್ಕ. ಇಲ್ಲಿ 'ತಾತ್ಕಾಲಿಕ' ಎಂಬ ಮಾತು ನಿಮ್ಮ ಪ್ರಕರಣದ ಜೀವ. ಆಯಿ ಇಂದು ಚೆನ್ನಾಗಿ ಮಾತಾಡುತ್ತಾರೆ, ಕವಳ ಹಾಕಿಕೊಂಡು ಜಗುಲಿಯಲ್ಲಿ ಕೂರುತ್ತಾರೆ ಎಂದು ಅಣ್ಣ ಹೇಳಬಹುದು. ಇರಲಿ. ಆಗಸ್ಟಿನಲ್ಲಿ ಹೇಗಿದ್ದರು ಎಂಬುದು ಪ್ರಶ್ನೆ. ಸೊಂಟದ ಮೂಳೆ ಆಪರೇಷನ್ ಆದ ವಯಸ್ಸಾದವರಿಗೆ ಕೆಲವು ದಿನ ಗೊಂದಲ ಆಗುವುದು ಅಪರೂಪವಲ್ಲ. ರಾತ್ರಿ ಯಾರು ಎಂದು ಗುರುತು ಸಿಗುವುದಿಲ್ಲ, ತೀರಿಕೊಂಡವರನ್ನು ಕರೆಯುತ್ತಾರೆ. ನಿಮ್ಮ ಆಯಿಗೆ ಹಾಗೆ ಆಗಿತ್ತಾ? ಆಗಿದ್ದರೆ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ನರ್ಸ್ ಬರೆದ ಒಂದು ಸಾಲು ಇರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಅಷ್ಟು ವಿವರ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ಪೂರ್ತಿ ಕೇಸ್ ಶೀಟಿನ ನಕಲು ಕೇಳಿ. ಮನೆಗೆ ಬಂದ ಮೇಲೆ ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ ಕೊಡುತ್ತಿದ್ದರಾ, ಆ ಚೀಟಿಗಳು ಎಲ್ಲಿವೆ ನೋಡಿ. ಆದರೆ ಹೀಗೆ ಏನೂ ಆಗಿರಲಿಲ್ಲ ಎಂದರೆ ಆಗಿತ್ತು ಎಂದು ಬರೆಸಬೇಡಿ. ಅದೇ ಕೇಸ್ ಶೀಟು ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಬುದ್ಧಿ ಸ್ಪಷ್ಟವಾಗಿದ್ದರೂ ಹಿಡಿತಕ್ಕೆ ಇನ್ನೊಂದು ದಾರಿ ಇದೆ. ಅದು ನಂಬಿಕೆಯ ಸಂಬಂಧ. ಅಡಿಕೆ ಮಾರಿದ ಹಣ ಯಾರ ಕೈಗೆ ಬರುತ್ತಿತ್ತು? ಸೊಸೈಟಿಯ ಪಾಸ್‌ಬುಕ್ ಯಾರ ಕಪಾಟಿನಲ್ಲಿ? ಎಟಿಎಂ ಕಾರ್ಡು ಯಾರು ಬಳಸುತ್ತಿದ್ದರು? ಆಯಿ ಇದಕ್ಕೆ ಮೊದಲೂ ಓದದೆ ಅಣ್ಣ ಹೇಳಿದಲ್ಲಿ ಸಹಿ ಹಾಕುತ್ತಿದ್ದರಾ? ಬೆಳೆಸಾಲದ ನವೀಕರಣದ ಕಾಗದಕ್ಕೆ ವರ್ಷ ವರ್ಷ ಹಾಗೆ ಸಹಿ ಹಾಕಿದ್ದರೆ, 'ಸಾಲದ ಕಾಗದ ಎಂದುಕೊಂಡೆ' ಎಂಬ ಅವರ ಮಾತು ಒಮ್ಮೆಲೇ ಗಟ್ಟಿಯಾಗುತ್ತದೆ. ಆ ಸಾಲದ ನವೀಕರಣ ಯಾವ ತಿಂಗಳು ಬರುತ್ತಿತ್ತು ನೋಡಿ. ಸೊಸೈಟಿಯ ಲೆಕ್ಕದಲ್ಲಿ ಆಗಸ್ಟಿನ ಸುಮಾರಿಗೆ ನವೀಕರಣ ಬಾಕಿ ಇತ್ತು ಎಂದು ತೋರಿಸಲು ಆದರೆ, ಅಂಥ ಒಂದು ಹಾಳೆ ಹತ್ತು ಸಾಕ್ಷಿಗಳಿಗೆ ಸಮ. ಇಂಥ ಸಂಬಂಧ ಇದ್ದಲ್ಲಿ ವ್ಯವಹಾರ ಪ್ರಾಮಾಣಿಕವಾಗಿ ನಡೆಯಿತು ಎಂದು ತೋರಿಸುವ ಹೊಣೆ ನಂಬಿಕೆ ಪಡೆದವರ ಮೇಲೆ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 111ನೇ ಕಲಮು ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 114ನೇ ಕಲಮಾಗಿ ಉಳಿದಿದೆ.

ಎರಡನೆಯ ಪ್ರಶ್ನೆ, ಅನ್ಯಾಯ. ಇಲ್ಲಿ ಬಹಳ ಹೆಣ್ಣುಮಕ್ಕಳು ಎಡವುತ್ತಾರೆ. 'ಅಣ್ಣನಿಗೆ ಎಲ್ಲ ಕೊಟ್ಟಳು, ನಮಗೆ ಏನೂ ಇಲ್ಲ, ಇದು ಅನ್ಯಾಯ' ಎನ್ನುತ್ತಾರೆ. ಕೋರ್ಟ್ ನೋಡುವ ಅನ್ಯಾಯ ಅದಲ್ಲ. ಮಕ್ಕಳಲ್ಲಿ ಒಬ್ಬರಿಗೇ ಕೊಡುವ ಸ್ವಾತಂತ್ರ್ಯ ತಾಯಿಗೆ ಇದೆ. ಹದಿನೈದು ವರ್ಷ ಕೊಳೆ ಔಷಧಿ ಹೊಡೆಸಿ, ಕೊನೆ ಕೊಯ್ಲು ಮಾಡಿಸಿ ತೋಟ ಉಳಿಸಿದ ಮಗನಿಗೆ ತೋಟ ಕೊಟ್ಟರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಪ್ರಶ್ನೆ ಇರುವುದು ನಿಮಗೆ ಏನು ಉಳಿಯಿತು ಎಂಬುದಲ್ಲ, ಆಯಿಗೆ ಏನು ಉಳಿಯಿತು ಎಂಬುದು.

ಆದ್ದರಿಂದ ದಾನಪತ್ರದ ದೃಢೀಕೃತ ನಕಲು ತೆಗೆಸಿ, ಈ ಕಣ್ಣಿನಿಂದ ಓದಿ. ಆಯಿ ಬದುಕಿರುವ ತನಕ ಮನೆಯಲ್ಲಿ ವಾಸ ಮಾಡುವ ಹಕ್ಕು ಬರೆದಿದೆಯಾ? ತೋಟದ ಉತ್ಪನ್ನದಲ್ಲಿ ಇಂತಿಷ್ಟು ಅವರಿಗೆ ಎಂದಿದೆಯಾ? ಔಷಧಿಗೆ, ಊಟಕ್ಕೆ ಏನಾದರೂ ಮಾತಿದೆಯಾ? ಇದ್ಯಾವುದೂ ಇಲ್ಲದೆ, ಇದ್ದ ಒಂದೇ ತೋಟ, ಇದ್ದ ಒಂದೇ ಮನೆ, ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದ ಅನುಕೂಲ ಸಮೇತ 'ಇಂದಿನಿಂದಲೇ ಸ್ವಾಧೀನ ಕೊಟ್ಟಿದ್ದೇನೆ' ಎಂದು ಬರೆದಿದ್ದರೆ, 81ರ ವಯಸ್ಸಿನಲ್ಲಿ ನಡೆಯಲಾರದ ಹೆಂಗಸು ತನ್ನದೇ ಮನೆಯಲ್ಲಿ ಬೇರೆಯವರ ದಯೆಯಲ್ಲಿ ಉಳಿದ ಹಾಗಾಯಿತು. ಮನಸ್ಸು ಸ್ವಸ್ಥವಾಗಿದ್ದು ಯಾರ ಹಂಗೂ ಇಲ್ಲದವರು ಹೀಗೆ ಬರೆದುಕೊಡುತ್ತಾರಾ ಎಂಬ ಪ್ರಶ್ನೆ ನ್ಯಾಯಾಧೀಶರ ಮನಸ್ಸಿನಲ್ಲಿ ಏಳುತ್ತದೆ. ಕಾಯ್ದೆ ಹೇಳುವ, ಮನಸ್ಸಾಕ್ಷಿಗೆ ಒಪ್ಪದ ವ್ಯವಹಾರ ಎಂದರೆ ಇದೇ.

ಹಿಡಿತ ಇತ್ತು, ವ್ಯವಹಾರ ನೋಡಿದರೆ ಸರಿ ಕಾಣುವುದಿಲ್ಲ, ಈ ಎರಡೂ ತೋರಿದ ಮೇಲೆ ಮೂರನೆಯದು ತಾನಾಗಿ ಬರುತ್ತದೆ. ಹೊಣೆ ಮಗುಚಿ ಬೀಳುತ್ತದೆ. ಆಯಿ 'ಒತ್ತಡ ಇತ್ತು' ಎಂದು ಸಾಬೀತು ಮಾಡಬೇಕಾಗಿಲ್ಲ. 'ಒತ್ತಡ ಇರಲಿಲ್ಲ, ತಿಳಿದೇ ಕೊಟ್ಟರು' ಎಂದು ಅಣ್ಣ ಸಾಬೀತು ಮಾಡಬೇಕು. 2003ರಲ್ಲಿ ತೀರ್ಮಾನವಾದ ಕೃಷ್ಣ ಮೋಹನ್ ಕುಲ್ ಪ್ರಕರಣದಲ್ಲಿ ನೂರು ದಾಟಿದ, ಲಕ್ವ ಹೊಡೆದ, ಓದು ಬಾರದ ವ್ಯಕ್ತಿಯಿಂದ ಬರೆಸಿಕೊಂಡ ಪತ್ರ ಈ ಹೊಣೆಯ ಮೇಲೆಯೇ ಬಿತ್ತು.

ಅಣ್ಣ ಅದನ್ನು ಹೇಗೆ ಸಾಬೀತು ಮಾಡಬಹುದು? ಎಲ್ಲಕ್ಕಿಂತ ಒಳ್ಳೆಯ ದಾರಿ ಒಂದಿದೆ. ಆಯಿಗೆ ಅಣ್ಣನ ಕಡೆಯವರಲ್ಲದ ಯಾರೋ ಒಬ್ಬರು, ಅಣ್ಣ ಪಕ್ಕದಲ್ಲಿಲ್ಲದಾಗ, ಸರಿಯಾಗಿ ತಿಳಿಸಿ ಹೇಳಿದ್ದರು ಎಂದು ತೋರಿಸುವುದು. 1929ರಲ್ಲಿ ವರದಿಯಾದ ಒಂದು ತೀರ್ಪು ಇದೆ, ಸಿಂಗಾಪುರದಿಂದ ಪ್ರಿವಿ ಕೌನ್ಸಿಲ್‌ಗೆ ಹೋದದ್ದು. ಓದು ಬಾರದ ಮುದುಕಿಯೊಬ್ಬರು ತಮ್ಮ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಬಂಧಿ ಹುಡುಗನಿಗೆ ಹೆಚ್ಚುಕಡಿಮೆ ಎಲ್ಲ ಆಸ್ತಿ ದಾನ ಕೊಟ್ಟಿದ್ದರು. ಅಲ್ಲಿ ಒಬ್ಬ ವಕೀಲರು ಮುದುಕಿಗೆ ಪತ್ರ ವಿವರಿಸಿಯೂ ಇದ್ದರು, ಒಳ್ಳೆಯ ಮನಸ್ಸಿನಿಂದಲೇ. ಆದರೂ ದಾನ ರದ್ದಾಯಿತು. ಕಾರಣ ಎರಡು. ಇದು ಆಕೆಯ ಹೆಚ್ಚುಕಡಿಮೆ ಪೂರ್ತಿ ಆಸ್ತಿ ಎಂದು ಆ ವಕೀಲರಿಗೇ ಗೊತ್ತಿರಲಿಲ್ಲ. 'ಈಗಲೇ ಕೊಡಬೇಕಾಗಿಲ್ಲ ಅಮ್ಮ, ವಿಲ್ ಬರೆದಿಟ್ಟರೂ ಹುಡುಗನಿಗೆ ಸಿಗುತ್ತದೆ, ನಿಮ್ಮ ಕೈಯಲ್ಲೂ ಇರುತ್ತದೆ' ಎಂದು ಅವರು ಆಕೆಗೆ ಹೇಳಿರಲಿಲ್ಲ. ನೂರು ವರ್ಷ ಹತ್ತಿರ ಬಂದರೂ ನನಗೆ ಈ ತೀರ್ಪು ಹಳೆಯದು ಅನ್ನಿಸುವುದಿಲ್ಲ. ನಿಮ್ಮ ಆಯಿಗೆ ಆ ಒಂದು ಮಾತನ್ನು ಯಾರಾದರೂ ಹೇಳಿದ್ದರಾ? ಪತ್ರ ಬರೆದ ಬಿಕ್ಕಲಂದಾರರನ್ನು ಗೊತ್ತು ಮಾಡಿದವರು ಯಾರು, ಅವರ ಫೀಸು ಕೊಟ್ಟವರು ಯಾರು? ಸಾಕ್ಷಿ ಹಾಕಿದ ಇಬ್ಬರು ಆಯಿಗೆ ಪರಿಚಯದವರಾ, ಇಲ್ಲ ಅಣ್ಣನ ಸ್ನೇಹಿತರಾ? ಅಂದು ಓದಿ ಹೇಳಿದ್ದರೆ, ಆಯಿಯ ಕನ್ನಡಕ, ಕಿವಿ ಯಂತ್ರ ಅವರ ಜೊತೆ ಇತ್ತಾ? ಉತ್ತರಗಳು ನಿಮ್ಮ ಪರವಾಗಿಯೇ ಬರುತ್ತವೆ ಎಂದು ನಾನು ಹೇಳಲಾರೆ. ಆದರೆ ಪ್ರಶ್ನೆಗಳು ಇವೇ.

ನಿಮಗೆ ಯಾರಾದರೂ ಈಗಾಗಲೇ ಹಿರಿಯ ನಾಗರಿಕರ ಕಾಯ್ದೆಯ ಬಗ್ಗೆ ಹೇಳಿರಬೇಕು. 2007ರ ಆ ಕಾಯ್ದೆಯ 23ನೇ ಕಲಮಿನಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದರೆ ದಾನಪತ್ರ ರದ್ದಾಗುತ್ತದೆ, ಸಿವಿಲ್ ಕೋರ್ಟಿನ ಅಲೆದಾಟ ಬೇಡ ಎಂದು. ಶಿರಸಿಯಲ್ಲೇ ಉಪವಿಭಾಗಾಧಿಕಾರಿ ಕಚೇರಿ ಇರುವುದರಿಂದ ಅದು ಸುಲಭವಾಗಿಯೂ ಕಾಣುತ್ತದೆ. ಆದರೆ ಆ ಕಲಮು ಕೇಳುವುದು ಬೇರೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು, ಪಡೆದವರು ನೋಡಿಕೊಳ್ಳದೆ ಕೈಬಿಟ್ಟಿರಬೇಕು. ಆಗ ಕಾಯ್ದೆ ಆ ದಾನವನ್ನು ಮೋಸದಿಂದ, ಪ್ರಭಾವದಿಂದ ಆದದ್ದು ಎಂದೇ ಎಣಿಸುತ್ತದೆ. ಷರತ್ತು ಇತ್ತು ಎಂಬುದು ತೋರಬೇಕು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಮಗ ಬೇರೆಯಾಗಿ ಬರೆದುಕೊಟ್ಟ ವಚನಪತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕಾಯ್ದೆಯನ್ನು ಹಿರಿಯರ ಪರವಾಗಿ ಓದಬೇಕು ಎಂದಿತು. ಅಷ್ಟು ಉದಾರವಾಗಿ ಓದಿದರೂ ನಿಮ್ಮ ಪ್ರಕರಣ ಅಲ್ಲಿ ಕೂರುವುದಿಲ್ಲ. ಅಣ್ಣ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ ಎಂದು ನೀವೇ ಬರೆದಿದ್ದೀರಿ. ಅದು ನಿಜವಿದ್ದರೆ, ಅರ್ಜಿ ಹಾಕಲಿಕ್ಕಾಗಿ ಊಟ ಹಾಕುತ್ತಿಲ್ಲ ಎಂದು ಸುಳ್ಳು ಬರೆಸಬೇಡಿ. ಮುಂದೆ ಕೋರ್ಟಿನಲ್ಲಿ ಆಯಿಯ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ. ಚೆನ್ನಾಗಿ ನೋಡಿಕೊಳ್ಳುವ ಮಗನೂ ತಾಯಿಯಿಂದ ತಪ್ಪು ರೀತಿಯಲ್ಲಿ ಬರೆಸಿಕೊಳ್ಳಬಹುದು. ಅಂಥದ್ದಕ್ಕೆ ಇರುವ ದಾರಿ ಸಿವಿಲ್ ದಾವೆ.

ದಾವೆ ಬರೆಸುವಾಗ ಎಚ್ಚರ ಬೇಕಾದ ಒಂದು ಜಾಗ ಇದೆ. ಕೆಲವು ವರ್ಷಗಳ ಹಿಂದೆ ಕರಾವಳಿ ಕಡೆಯ ಒಬ್ಬ ಅಜ್ಜ ಸೋತ ಮೇಲೆ ಅವರ ಕಡತ ನನ್ನ ಹತ್ತಿರ ಬಂದಿತ್ತು. ಗದ್ದೆ, ಹತ್ತು ತೆಂಗಿನ ಮರ, ಮನೆ ಎಲ್ಲ ಕಿರಿಯ ಮಗನಿಗೆ ಹೋಗಿತ್ತು. ಅಜ್ಜ ಆ ದಿನಗಳಲ್ಲಿ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡಿದ್ದರು, ಹಸಿರು ಬಟ್ಟೆ ಕಟ್ಟಿಕೊಂಡೇ ಆಫೀಸಿಗೆ ಹೋಗಿದ್ದರು. ಆದರೆ ದಾವೆಯಲ್ಲಿ ಇದ್ದದ್ದು ಒಂದೇ ಸಾಲು: 'ಪ್ರತಿವಾದಿಯು ಒತ್ತಡ, ಮೋಸ, ಬಲವಂತ ಹಾಗೂ ಅನುಚಿತ ಪ್ರಭಾವದಿಂದ ಬರೆಸಿಕೊಂಡಿದ್ದಾನೆ.' ಕಣ್ಣಿನ ಬಟ್ಟೆಯ ಮಾತೇ ಇಲ್ಲ. ಸಾಕ್ಷಿ ಹೇಳುವಾಗ ಅಜ್ಜ ಅದನ್ನು ಹೇಳಿದರು, ದಾವೆಯಲ್ಲಿ ಇಲ್ಲದ್ದನ್ನು ಈಗ ಕಟ್ಟಿ ಹೇಳುತ್ತಿದ್ದಾರೆ ಎಂದು ಎದುರಿನವರು ವಾದಿಸಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ ಇದಕ್ಕೇ ಇರುವುದು. ಪ್ರಭಾವ ಎಂದರೆ ಯಾರು, ಯಾವಾಗ, ಎಲ್ಲಿ, ಹೇಗೆ ಎಂದು ತಾರೀಕು ಸಮೇತ ಬರೆಯಬೇಕು. ನಿಮ್ಮ ದಾವೆಯಲ್ಲಿ ಬಚ್ಚಲಲ್ಲಿ ಬಿದ್ದ ದಿನ, ಆಪರೇಷನ್ ದಿನ, ಮನೆಗೆ ಬಂದ ದಿನ, ಆಫೀಸಿಗೆ ಹೋದ ದಿನ, ಕಾರಿನಲ್ಲಿ ಯಾರ್ಯಾರಿದ್ದರು, ಅಣ್ಣ ಯಾವ ಮಾತು ಹೇಳಿದ, ಎಲ್ಲ ಇರಬೇಕು.

ಕಾಲದ ಲೆಕ್ಕವೂ ಬಿಗಿಯಾಗಿದೆ. ಪತ್ರ ರದ್ದು ಮಾಡಿಸಲು, ವಿಷಯ ಗೊತ್ತಾದ ದಿನದಿಂದ ಮೂರು ವರ್ಷ. ನೀವು ಜನವರಿಯಿಂದ ಎಣಿಸುತ್ತೀರಿ, ಅಣ್ಣ ಸಹಿ ಹಾಕಿದ ಆಗಸ್ಟಿನಿಂದ ಎಣಿಸುತ್ತಾರೆ. ಆ ಜಗಳವೇ ಬೇಡ, ಆಗಸ್ಟಿನಿಂದಲೇ ಎಣಿಸಿ. ಮೂರು ವರ್ಷ ಪೂರ್ತಿ ಕಾಯುವುದೂ ಬೇಡ. ಪ್ರಭಾವದಿಂದ ಆದ ಪತ್ರವೂ ರದ್ದಾಗುವ ತನಕ ಜೀವಂತ, ಅಷ್ಟರಲ್ಲಿ ಅಣ್ಣ ತೋಟವನ್ನು ಏನೂ ತಿಳಿಯದ ಮೂರನೆಯವರಿಗೆ ಮಾರಿದರೆ ವಾಪಸ್ ತರುವುದು ತುಂಬಾ ಕಷ್ಟ. ಅದಕ್ಕೇ ದಾವೆಯ ಜೊತೆಗೇ ಮಾರಬಾರದು, ಅಡವಿಡಬಾರದು ಎಂಬ ತಡೆಯಾಜ್ಞೆ ಕೇಳಬೇಕು.

ಆಯಿಯ ಸಾಕ್ಷಿ ಆಯಿಯೇ ಹೇಳಬೇಕು. ನೀವು ಅಧಿಕಾರಪತ್ರ ತೆಗೆದುಕೊಂಡು ದಾವೆ ನಡೆಸಬಹುದು, ಆದರೆ ಅಂದು ಅವರ ಮನಸ್ಸಿನಲ್ಲಿ ಏನಿತ್ತು ಎಂದು ನೀವು ಸಾಕ್ಷಿ ಹೇಳಿದರೆ ನಡೆಯುವುದಿಲ್ಲ. 2004ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. 81ರ ಹೆಂಗಸಿಗೆ ಕೋರ್ಟಿನ ಮೆಟ್ಟಿಲು ಹತ್ತಿಸಬೇಕಾಗಿಲ್ಲ. ಕಮಿಷನರ್ ನೇಮಿಸಿ ಮನೆಯಲ್ಲೇ ಹೇಳಿಕೆ ಪಡೆಯಲು ಅರ್ಜಿ ಹಾಕಬಹುದು. ವಯಸ್ಸಿನ ಕಾರಣ ಕೊಟ್ಟು, ಸರದಿ ಬರುವ ತನಕ ಕಾಯದೆ ಬೇಗನೇ ಸಾಕ್ಷಿ ದಾಖಲಿಸಿ ಎಂದೂ ಕೇಳಬಹುದು. ಇದನ್ನು ಮೊದಲ ತಿಂಗಳುಗಳಲ್ಲೇ ಮಾಡಿಸಿ. ಆಯಿ ಹೋದ ಮೇಲೆ ವಾರಸುದಾರರಾಗಿ ನೀವು ದಾವೆ ಮುಂದುವರಿಸಬಹುದು. ಆದರೆ ಅವರ ಬಾಯಿಂದ ಬಂದ ಮಾತು ದಾಖಲಾಗಿರದಿದ್ದರೆ ಹೇಳುವವರೇ ಇರುವುದಿಲ್ಲ.

ಇನ್ನೊಂದು ಮಾತು ನಿಮಗೆ ಸ್ವಲ್ಪ ನೋವಾಗಬಹುದು. ಅಣ್ಣನ ಮೇಲೆ ನಡೆಯುವ ಈ ಪರೀಕ್ಷೆ ನಾಳೆ ನಿಮ್ಮ ಮೇಲೂ ನಡೆಯುತ್ತದೆ. ಆಯಿಯನ್ನು ಕಾರವಾರಕ್ಕೆ ಕರೆದುಕೊಂಡು ಬಂದು, ನಿಮ್ಮ ಮನೆಯಲ್ಲಿ ಇಟ್ಟುಕೊಂಡು ದಾವೆಗೆ ಸಹಿ ಹಾಕಿಸಿದರೆ, ಈಗ ಮಗಳ ಹಿಡಿತದಲ್ಲಿದ್ದಾರೆ ಎಂದು ಅಣ್ಣ ಹೇಳುತ್ತಾರೆ. ಅದು ಬರೀ ವಾದವಲ್ಲ, ನಿಜವೂ ಆಗಿಬಿಡಬಹುದು. ವಕೀಲರ ಹತ್ತಿರ ಹೋದಾಗ ನೀವು ಹೊರಗೆ ಕೂರಿ. ಆಯಿ ಒಬ್ಬರೇ ಮಾತಾಡಲಿ. 'ಅವನಿಗೇ ಇರಲಿ, ನನಗೆ ಮನೆಯಲ್ಲಿ ಜಾಗ ಇದ್ದರೆ ಸಾಕು' ಎಂದು ಅವರು ಅಲ್ಲಿ ಹೇಳಿದರೆ, ಅದೂ ಅವರದೇ ನಿರ್ಧಾರ. ಆಗ ದಾವೆ ಬೇಡ. ಅಣ್ಣನಿಂದ ಆಯಿಗೆ ಬದುಕಿರುವ ತನಕ ವಾಸದ ಹಕ್ಕು, ತೋಟದ ಹುಟ್ಟುವಳಿಯಲ್ಲಿ ಒಂದು ಪಾಲು ಇವನ್ನು ರಿಜಿಸ್ಟರ್ ಪತ್ರದಲ್ಲಿ ಬರೆಸಿಕೊಳ್ಳಿ. ಅಣ್ಣನ ಮನಸ್ಸು ಶುದ್ಧವಾಗಿದ್ದರೆ ಅದನ್ನು ಬರೆದುಕೊಡಲು ಹಿಂದೆ ಮುಂದೆ ನೋಡಬಾರದು. ದಾವೆ ಹಾಕಿದ ಮೇಲೂ ಕೋರ್ಟಿನ ಮಧ್ಯಸ್ಥಿಕೆಯಲ್ಲಿ ಇಂಥ ರಾಜಿ ಸಾಧ್ಯ.

ಈ ವಾರ ಮಾಡಬೇಕಾದದ್ದು ಇಷ್ಟು. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದಾನಪತ್ರದ ದೃಢೀಕೃತ ನಕಲು, ಜೊತೆಗೆ ಋಣಭಾರ ಪತ್ರ. ಹುಬ್ಬಳ್ಳಿ ಆಸ್ಪತ್ರೆಗೆ ಆಯಿಯ ಸಹಿಯಲ್ಲೇ ಕೇಸ್ ಶೀಟು ಕೇಳಿ ಒಂದು ಅರ್ಜಿ. ಆಮೇಲೆ ಒಂದು ದಿನ ಊರಿಗೆ ಹೋಗಿ, ಅಣ್ಣ ತೋಟಕ್ಕೆ ಹೋದ ಹೊತ್ತಿನಲ್ಲಿ, ಆಯಿಯ ಹತ್ತಿರ ಕೂತು, ಅಂದು ಬೆಳಿಗ್ಗೆ ಎದ್ದಾಗಿನಿಂದ ಏನಾಯಿತು ಹೇಳು ಎಂದು ಕೇಳಿ. ಮಧ್ಯೆ ಮಾತು ಎತ್ತಿಕೊಡಬೇಡಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಅಂದಿನ ತಾರೀಕು ಹಾಕಿ ಇಡಿ.